ವಿನೆಗರ್ ಟೈಟ್ರೇಶನ್: ಯಾವ ಸೂಚಕ, ಎಲ್ಲಿ ನಿಲ್ಲಿಸಬೇಕು?

ಪ್ರಶ್ನೆ: ಸರ್, ನಾನು ಬಿಎಸ್ಸಿ ಮೊದಲ ವರ್ಷದ ವಿದ್ಯಾರ್ಥಿನಿ. ಅಂಗಡಿಯ ಬಿಳಿ ವಿನೆಗರ್‌ನಲ್ಲಿ ಅಸಿಟಿಕ್ ಆಮ್ಲ ಎಷ್ಟಿದೆ ಎಂದು ಕಂಡುಹಿಡಿಯುವುದು ನನ್ನ ಪ್ರಾಜೆಕ್ಟ್. 10 ಮಿಲಿ ವಿನೆಗರನ್ನು ನೀರು ಬೆರೆಸಿ 100 ಮಿಲಿ ಮಾಡಿದೆ. ಅದರಲ್ಲಿ 25 ಮಿಲಿ ತೆಗೆದುಕೊಂಡು, ತೂಗಿ ಮಾಡಿಟ್ಟ 0.1 ಮೋಲಾರ್ NaOH ಅನ್ನು ಬ್ಯೂರೆಟ್‌ನಿಂದ ಬಿಟ್ಟೆ. ಮೀಥೈಲ್ ಆರೆಂಜ್ ಹಾಕಿದಾಗ 5 ಮಿಲಿ ಹತ್ತಿರ ಪೂರ್ತಿ ಹಳದಿ ಆಯಿತು, ಆದರೆ ಎಲ್ಲಿ ನಿಲ್ಲಿಸಬೇಕೋ ತಿಳಿಯಲಿಲ್ಲ. ಫಿನಾಲ್ಫ್ತಲೀನ್ ಹಾಕಿದಾಗ 16.7 ಮಿಲಿಗೆ ಗುಲಾಬಿ ಬಂತು. ಬಾಟಲಿಯ ಮೇಲೆ 4% ಎಂದಿದೆ. "NaOH ಪ್ರಬಲ, ಯಾವ ಸೂಚಕವಾದರೂ ನಡೆಯುತ್ತೆ" ಅನ್ನುತ್ತಾಳೆ ಗೆಳತಿ. ಇನ್ನೊಬ್ಬರು, "ತಟಸ್ಥ ಅಂದರೆ ಪಿಎಚ್ 7, ಫಿನಾಲ್ಫ್ತಲೀನ್ 8 ದಾಟಿದ ಮೇಲೆ ಬಣ್ಣ ಕೊಡುತ್ತೆ, ಅಂದರೆ ನೀನು ಜಾಸ್ತಿ ಹಾಕಿದ್ದೀಯ" ಅಂದರು. ಜೊತೆಗೆ ಆ ಗುಲಾಬಿ ಒಂದೆರಡು ನಿಮಿಷದಲ್ಲಿ ಮಾಯವಾಗುತ್ತದೆ. ಮತ್ತೆ ಹನಿ ಹಾಕಬೇಕಾ? ರೆಕಾರ್ಡ್‌ನಲ್ಲಿ ಯಾವುದನ್ನು ಬರೆಯಲಿ?

ಉತ್ತರ: 16.7 ಸರಿ. 5 ಮಿಲಿ ತಪ್ಪು. ಗುಲಾಬಿ ಮಾಯವಾದರೆ ಮತ್ತೆ ಹನಿ ಹಾಕಬೇಡಿ. ಆದರೆ ನಿಮ್ಮ 16.7ನ್ನು ನೇರವಾಗಿ ಲೆಕ್ಕಕ್ಕೆ ಹಾಕುವ ಮುಂಚೆ ಒಂದು ಕೆಲಸ ಬಾಕಿ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಎರಡು ಸಂಖ್ಯೆಗಳ ನಡುವೆ ಇಷ್ಟು ಅಂತರ ಏಕೆ ಬಂತು ಎಂದು ನೋಡೋಣ. ಅದು ಗೊತ್ತಾದರೆ ಸೂಚಕ ಆರಿಸುವುದು ಬಾಯಿಪಾಠದ ವಿಷಯವಾಗಿ ಉಳಿಯುವುದಿಲ್ಲ.

ನಮ್ಮ ಮನೆಗಳಲ್ಲಿ ಆರತಿಗೆ ಓಕುಳಿ ನೀರು ಮಾಡುವುದನ್ನು ನೋಡಿರುತ್ತೀರಿ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಅದಕ್ಕೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಅರಿಶಿನಕ್ಕೆ ಸುಣ್ಣ ಯಾವುದು, ನಿಂಬೆ ಯಾವುದು ಎಂಬ ಗುರುತಿಲ್ಲ. ಅದು ನೋಡುವುದು ಒಂದನ್ನೇ: ಸುತ್ತಲಿನ ನೀರಿನ ಪಿಎಚ್ ಈಗ ಎಷ್ಟಿದೆ? ಫಿನಾಲ್ಫ್ತಲೀನ್, ಮೀಥೈಲ್ ಆರೆಂಜ್ ಕೂಡ ಹಾಗೆಯೇ. ಫ್ಲಾಸ್ಕ್‌ನಲ್ಲಿ ಆಮ್ಲ ಎಷ್ಟು ಉಳಿದಿದೆ ಎಂಬುದು ಅವಕ್ಕೆ ಗೊತ್ತಿಲ್ಲ. ಮೀಥೈಲ್ ಆರೆಂಜ್ ಪಿಎಚ್ 3.1ರ ಕೆಳಗೆ ಕೆಂಪು, 4.4ರ ಮೇಲೆ ಹಳದಿ. ಫಿನಾಲ್ಫ್ತಲೀನ್ 8.2ರ ತನಕ ಬಣ್ಣವಿಲ್ಲದೆ ಇರುತ್ತದೆ, ಅಲ್ಲಿಂದ ಗುಲಾಬಿ ಶುರುವಾಗಿ 10ರ ಹೊತ್ತಿಗೆ ಗಾಢವಾಗುತ್ತದೆ. ಇಷ್ಟೇ ಅವುಗಳ ಕೆಲಸ. ಹಾಗಾಗಿ ನಾವು ಕೇಳಬೇಕಾದ ಪ್ರಶ್ನೆ ಇದು: ಆಮ್ಲ ಪೂರ್ತಿ ಮುಗಿಯುವ ಆ ಕ್ಷಣದಲ್ಲಿ ಫ್ಲಾಸ್ಕ್‌ನ ಪಿಎಚ್ ಎಷ್ಟಿರುತ್ತದೆ, ಮತ್ತು ಅದರ ಆಸುಪಾಸಿನಲ್ಲಿ ಪಿಎಚ್ ಎಷ್ಟು ಜೋರಾಗಿ ಏರುತ್ತದೆ?

ನಿಮ್ಮ ಫ್ಲಾಸ್ಕ್‌ನ ಒಳಗೇ ಹೋಗಿ ನೋಡೋಣ. ಸದ್ಯಕ್ಕೆ NaOH ನಿಖರವಾಗಿ 0.1 ಮೋಲಾರ್ ಎಂದೇ ಇಟ್ಟುಕೊಳ್ಳೋಣ. ಶುರುವಿನಲ್ಲಿ, ಒಂದು ಹನಿಯೂ ಬೀಳುವ ಮೊದಲು, ನಿಮ್ಮ ತೆಳು ವಿನೆಗರ್‌ನ ಪಿಎಚ್ ಸುಮಾರು 3. ಅಸಿಟಿಕ್ ಆಮ್ಲ ದುರ್ಬಲ ಆಮ್ಲ, ಅದರ ಬಹುಪಾಲು ಅಣುಗಳು ತಮ್ಮ ಹೈಡ್ರೋಜನ್ ಅಯಾನನ್ನು ಹಿಡಿದುಕೊಂಡೇ ಇರುತ್ತವೆ. NaOH ಬಿಟ್ಟ ಹಾಗೆ ಒಂದಿಷ್ಟು ಆಮ್ಲ ಅಸಿಟೇಟ್ ಆಗುತ್ತದೆ. ಆಮ್ಲ ಮತ್ತು ಅಸಿಟೇಟ್ ಎರಡೂ ಜೊತೆಗಿದ್ದರೆ ಆ ದ್ರಾವಣ ಪಿಎಚ್ ಬದಲಾವಣೆಗೆ ಒಗ್ಗುವುದಿಲ್ಲ. ನೀವು ಎಷ್ಟು ಹಾಕಿದರೂ ಮೆಲ್ಲಗೆ ಏರುತ್ತದೆ. 2 ಮಿಲಿ ಬಿದ್ದಾಗ ಪಿಎಚ್ 3.9. ಅರ್ಧ ಆಮ್ಲ ಮುಗಿದಾಗ, ಅಂದರೆ 8.35 ಮಿಲಿಗೆ, 4.76. 15 ಮಿಲಿಗೆ ಇನ್ನೂ 5.7 ಅಷ್ಟೇ. 2ರಿಂದ 15ರ ತನಕ 13 ಮಿಲಿ NaOH ಸುರಿದಿದ್ದೀರಿ, ಪಿಎಚ್ ಎರಡು ಅಂಕೆಯೂ ಏರಿಲ್ಲ.

ಈಗ ಕೊನೆಯ ಹನಿಗಳನ್ನು ನೋಡಿ. 16.6 ಮಿಲಿಗೆ ಪಿಎಚ್ 7.0. 16.7ಕ್ಕೆ 8.7. 16.8ಕ್ಕೆ 10.4. ಬ್ಯೂರೆಟ್‌ನ ಒಂದು ಹನಿ ಸುಮಾರು 0.05 ಮಿಲಿ. ಅಂದರೆ ನಾಲ್ಕೇ ಹನಿಯಲ್ಲಿ ಪಿಎಚ್ ಮೂರು ಅಂಕೆಗಿಂತ ಹೆಚ್ಚು ಜಿಗಿದಿದೆ. ಕಾಪಾಡುತ್ತಿದ್ದ ಆಮ್ಲ ಖಾಲಿಯಾಯಿತು, ಇನ್ನು ಬೀಳುವ ಪ್ರತಿ ಹನಿಯೂ ನೇರವಾಗಿ ಪಿಎಚ್ ಮೇಲೆ ಕೂರುತ್ತದೆ. ಸೂಚಕ ಬಣ್ಣ ಬದಲಿಸಬೇಕಾದದ್ದು ಈ ಜಿಗಿತದ ಒಳಗೆ. ಫಿನಾಲ್ಫ್ತಲೀನ್‌ನ 8.2 ಜಿಗಿತದ ನಡುಮಧ್ಯೆ ಬೀಳುತ್ತದೆ, ಅದಕ್ಕೇ ಒಂದು ಹನಿ ಮುಂಚೆ ಬಣ್ಣವಿಲ್ಲ, ಒಂದು ಹನಿ ಆದಮೇಲೆ ಗುಲಾಬಿ.

ಮೀಥೈಲ್ ಆರೆಂಜ್ ಎಲ್ಲಿ ಬೀಳುತ್ತದೆ ಎಂದು ನೀವೇ ಊಹಿಸಿರುತ್ತೀರಿ. ಅದರ 3.1 ನಿಮ್ಮ ವಿನೆಗರ್‌ನ ಶುರುವಿನ ಪಿಎಚ್‌ಗೆ ತಗುಲಿಕೊಂಡೇ ಇದೆ. ಮೊದಲ ನಾಲ್ಕೈದು ಹನಿಗೇ ಕೆಂಪು ಸಡಿಲವಾಗಲು ಶುರು. ಅಲ್ಲಿಂದ ಕಿತ್ತಳೆ, ತಿಳಿ ಕಿತ್ತಳೆ, ಹಳದಿ ಎಂದು ಎಳೆದುಕೊಂಡು ಹೋಗಿ ಪಿಎಚ್ 4.4 ಆಗುವುದು ಸುಮಾರು 5.1 ಮಿಲಿಗೆ. ನೀವು ಕಂಡದ್ದು ಅದೇ. ಆಗ ಮುಗಿದಿದ್ದ ಆಮ್ಲ ಶೇಕಡಾ 30 ಮಾತ್ರ. ಅಲ್ಲಿ ನಿಲ್ಲಿಸಿ ಲೆಕ್ಕ ಹಾಕಿದ್ದರೆ 4% ವಿನೆಗರ್ 1.2% ಎಂದು ಬರುತ್ತಿತ್ತು. ಎಲ್ಲಿ ನಿಲ್ಲಿಸಬೇಕೋ ತಿಳಿಯದೇ ಹೋದದ್ದು ನಿಮ್ಮ ಕಣ್ಣಿನ ದೋಷ ಅಲ್ಲ. ಬಣ್ಣ ಐದು ಮಿಲಿ ಉದ್ದಕ್ಕೂ ನಿಧಾನವಾಗಿ ಬದಲಾದರೆ ಆ ಸೂಚಕ ಆ ಜೋಡಿಗೆ ಹೊಂದುತ್ತಿಲ್ಲ ಎಂದೇ ಅರ್ಥ. ಪುಸ್ತಕ ಕೈಯಲ್ಲಿ ಇಲ್ಲದಿದ್ದರೂ ಇದೊಂದು ಗುರುತು ಸಾಕು: ಸರಿಯಾದ ಸೂಚಕ ಒಂದೆರಡು ಹನಿಯಲ್ಲಿ ತಿರುಗುತ್ತದೆ.

ನಿಮ್ಮ ಗೆಳತಿಯ ಮಾತು ಎಲ್ಲಿಂದ ಬಂತು ಎಂದು ನನಗೆ ಗೊತ್ತು. ಪಿಯುಸಿಯಲ್ಲಿ NaOH ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಟೈಟ್ರೇಶನ್‌ಗೆ ಯಾವ ಸೂಚಕ ಹಾಕಿದರೂ ಒಂದೇ ಉತ್ತರ ಬರುತ್ತದೆ. ಅಲ್ಲಿ ಅದು ನಿಜವೇ. ನಿಮ್ಮ ಫ್ಲಾಸ್ಕ್‌ನಲ್ಲಿ ಅಸಿಟಿಕ್ ಬದಲು ಅಷ್ಟೇ ಪ್ರಮಾಣದ ಹೈಡ್ರೋಕ್ಲೋರಿಕ್ ಆಮ್ಲ ಇದ್ದಿದ್ದರೆ 16.6ಕ್ಕೆ ಪಿಎಚ್ 3.6, 16.8ಕ್ಕೆ 10.4 ಇರುತ್ತಿತ್ತು. ಜಿಗಿತ ಅಷ್ಟು ಎತ್ತರ. ಮೀಥೈಲ್ ಆರೆಂಜ್‌ನ 4.4 ಕೂಡ ಅದರೊಳಗೇ ಸೇರಿಕೊಳ್ಳುತ್ತದೆ, ವ್ಯತ್ಯಾಸ ಅರ್ಧ ಹನಿಯೂ ಆಗುವುದಿಲ್ಲ. ಆಮ್ಲ ದುರ್ಬಲವಾದಾಗ ಜಿಗಿತದ ಕೆಳಗಿನ ಅರ್ಧ ಹೊರಟುಹೋಗುತ್ತದೆ, ಮೇಲಿನ ಅರ್ಧ ಉಳಿಯುತ್ತದೆ. NaOH ಪ್ರಬಲವಾಗಿರುವುದು ಮೇಲಿನ ಅರ್ಧವನ್ನು ಮಾತ್ರ ಕಾಯುತ್ತದೆ. ಹಾಗಾಗಿ ದುರ್ಬಲ ಆಮ್ಲಕ್ಕೆ ಮೇಲೆ ತಿರುಗುವ ಸೂಚಕವೇ ಬೇಕು.

ಅಮೋನಿಯಾದಂಥ ದುರ್ಬಲ ಪ್ರತ್ಯಾಮ್ಲವನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ ಅಳೆಯುವಾಗ ಇದೇ ಚಿತ್ರ ತಲೆಕೆಳಗಾಗುತ್ತದೆ. ಅಲ್ಲಿ ಮುಗಿಯುವ ಬಿಂದು ಪಿಎಚ್ 5ರ ಆಸುಪಾಸು, ಮೀಥೈಲ್ ರೆಡ್ ಅಥವಾ ಮೀಥೈಲ್ ಆರೆಂಜ್ ಸರಿ, ಫಿನಾಲ್ಫ್ತಲೀನ್ ಮೋಸ ಮಾಡುತ್ತದೆ. ಎರಡೂ ದುರ್ಬಲವಾದರೆ ಜಿಗಿತವೇ ಇರುವುದಿಲ್ಲ, ಯಾವ ಸೂಚಕವೂ ಕೆಲಸಕ್ಕೆ ಬಾರದು.

ಇನ್ನು "ತಟಸ್ಥ ಅಂದರೆ 7" ಎಂಬ ಮಾತು. ಇದು ತುಂಬಾ ಹಳೆಯ ಗೊಂದಲ, ಎಷ್ಟೋ ವರ್ಷ ಲ್ಯಾಬ್‌ನಲ್ಲಿ ನಿಂತು ಇದಕ್ಕೆ ಉತ್ತರ ಹೇಳಿದ್ದೇನೆ. ಆಮ್ಲ ಮತ್ತು NaOH ಸರಿಸಮ ಸೇರಿದಾಗ ಫ್ಲಾಸ್ಕ್‌ನಲ್ಲಿ ಉಳಿಯುವುದು ಸೋಡಿಯಂ ಅಸಿಟೇಟ್‌ನ ನೀರು. ಅಸಿಟೇಟ್ ಸುಮ್ನೆ ಕೂರುವುದಿಲ್ಲ. ನೀರಿನಿಂದ ಒಂದಿಷ್ಟು ಹೈಡ್ರೋಜನ್ ಅಯಾನ್ ಕಿತ್ತುಕೊಳ್ಳುತ್ತದೆ, ಹೈಡ್ರಾಕ್ಸೈಡ್ ಹೊರಗೆ ಉಳಿಯುತ್ತದೆ. ಹಾಗಾಗಿ ಒಂದೇ ಒಂದು ಹನಿ ಹೆಚ್ಚುವರಿ NaOH ಇಲ್ಲದಿದ್ದರೂ ಆ ದ್ರಾವಣದ ಪಿಎಚ್ 8.7. ಬೇಕಾದರೆ ಶುದ್ಧ ಸೋಡಿಯಂ ಅಸಿಟೇಟನ್ನು ನೀರಿಗೆ ಹಾಕಿ ಪಿಎಚ್ ಕಾಗದದಲ್ಲಿ ನೋಡಿ, ಪ್ರತ್ಯಾಮ್ಲದ ಕಡೆಗೇ ತೋರಿಸುತ್ತದೆ. ಆಮ್ಲ ಮುಗಿಯುವುದು ಎಂದರೆ ಮೋಲ್‌ಗಳು ಸಮ ಆಗುವುದು. ಪಿಎಚ್ 7 ಆಗುವುದು ಬೇರೆ ಸಂಗತಿ. ಪ್ರಬಲ ಆಮ್ಲ, ಪ್ರಬಲ ಪ್ರತ್ಯಾಮ್ಲ ಸೇರಿದಾಗ ಮಾತ್ರ ಎರಡೂ ಒಟ್ಟಿಗೆ ಆಗುತ್ತವೆ.

ಅವರ ಮಾತು ಕೇಳಿ ಪಿಎಚ್ 7ಕ್ಕೆ ನಿಲ್ಲಿಸಿದ್ದರೆ ಎಷ್ಟು ತಪ್ಪುತ್ತಿತ್ತು? 16.6 ಓದುತ್ತಿದ್ದಿರಿ, ಶೇಕಡಾ 0.6ರಷ್ಟು ಕಡಿಮೆ. ಅದು ದೊಡ್ಡದಲ್ಲ ಅನ್ನಿಸಬಹುದು. ತೊಂದರೆ ಇರುವುದು ಬೇರೆ ಕಡೆ. 7ರ ಸುತ್ತ ತಿರುಗುವ ಸೂಚಕ ಎಂದರೆ ಬ್ರೋಮೊಥೈಮಾಲ್ ಬ್ಲೂ, 6.0ಕ್ಕೆ ಹಳದಿ, 7.6ಕ್ಕೆ ನೀಲಿ. ನಿಮ್ಮ ಫ್ಲಾಸ್ಕ್‌ನಲ್ಲಿ ಅದು 15.8 ಮಿಲಿಗೇ ಹಸಿರಾಗಲು ಶುರುಮಾಡಿ 16.7ರ ತನಕ ಎಳೆಯುತ್ತದೆ. ಸುಮಾರು 18 ಹನಿ ಉದ್ದದ ಹಸಿರು. ಅದರಲ್ಲಿ ಯಾವ ಹಸಿರು ಸರಿಯಾದ ಹಸಿರು ಎಂದು ಇಬ್ಬರು ನೋಡಿದರೆ ಇಬ್ಬರೂ ಬೇರೆ ಬೇರೆ ಹೇಳುತ್ತಾರೆ.

ಈಗ ಮಾಯವಾಗುವ ಗುಲಾಬಿಗೆ ಬರೋಣ. ನೀವು ಗುಲಾಬಿ ಕಂಡ ಕ್ಷಣದಲ್ಲಿ ಫ್ಲಾಸ್ಕ್‌ನಲ್ಲಿ ಹೆಚ್ಚುವರಿಯಾಗಿ ಇರುವುದು ಒಂದು ಹನಿಯಷ್ಟು NaOH, ಅಥವಾ ಅದಕ್ಕಿಂತ ಕಡಿಮೆ. ನೀವು ಫ್ಲಾಸ್ಕ್ ಅಲ್ಲಾಡಿಸುತ್ತಲೇ ಇದ್ದೀರಿ, ಮೇಲೆ ಬಾಯಿ ತೆರೆದಿದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ನೀರಿಗೆ ಇಳಿದು ಆ ಹೈಡ್ರಾಕ್ಸೈಡನ್ನು ತಿಂದು ಬೈಕಾರ್ಬನೇಟ್ ಮಾಡುತ್ತದೆ. ಪಿಎಚ್ 8.2ಕ್ಕಿಂತ ಕೆಳಗೆ ಜಾರುತ್ತದೆ, ಬಣ್ಣ ಹೋಗುತ್ತದೆ. ವಿನೆಗರ್‌ನ ಆಮ್ಲ ಎಲ್ಲೋ ಅಡಗಿ ಕುಳಿತಿದ್ದು ಆಮೇಲೆ ಹೊರಬಂತು ಎಂದಲ್ಲ. ಆ ಆಮ್ಲ ಮತ್ತು NaOH ನಡುವಿನ ಪ್ರತಿಕ್ರಿಯೆ ಕ್ಷಣಾರ್ಧದಲ್ಲಿ ಮುಗಿದುಹೋಗಿದೆ. ಬಣ್ಣ ಹೋದಾಗಲೆಲ್ಲ ಇನ್ನೊಂದು ಹನಿ ಹಾಕುತ್ತಾ ಹೋದರೆ ನೀವು ವಿನೆಗರ್ ಬಿಟ್ಟು ಲ್ಯಾಬ್‌ನ ಗಾಳಿಯನ್ನು ಟೈಟ್ರೇಟ್ ಮಾಡುತ್ತಿರುತ್ತೀರಿ. ಅದಕ್ಕೆ ಕೊನೆಯಿಲ್ಲ.

ಎಲ್ಲ ಕಡೆ ನಡೆಸಿಕೊಂಡು ಬಂದಿರುವ ಅಳತೆ ಎಂದರೆ ತಿಳಿ ಗುಲಾಬಿ ಅರ್ಧ ನಿಮಿಷ ನಿಂತರೆ ಸಾಕು. ಕೂಡಲೇ ಓದಿ ಬರೆದುಕೊಳ್ಳಿ. ಬಣ್ಣ ಎರಡು ಸೆಕೆಂಡಿನಲ್ಲೇ ಹೋದರೆ ಮಾತ್ರ ಅದು ಹನಿ ಬಿದ್ದ ಜಾಗದಲ್ಲಿ ಕಂಡ ಬಣ್ಣ, ಇನ್ನೂ ಬೆರೆತಿಲ್ಲ, ಮುಂದುವರಿಸಿ. ಗುಲಾಬಿ ಎಂದರೆ ಎಷ್ಟು ಗುಲಾಬಿ ಎಂದೂ ಕೇಳುತ್ತಾರೆ. ಫ್ಲಾಸ್ಕ್ ಕೆಳಗೆ ಬಿಳಿ ಹಾಳೆ ಇಟ್ಟಾಗ ಮಾತ್ರ ಕಾಣುವಷ್ಟು. ಕಡುಗುಲಾಬಿ ಕಂಡರೆ ಅದು ಒಂದೆರಡು ಹನಿ ಜಾಸ್ತಿ ಆಗಿರುವ ಗುರುತು.

ವಿನೆಗರ್ ತೆಳು ಮಾಡಲು ಬಳಸುವ ನೀರಿನಲ್ಲೂ ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಬಟ್ಟಿ ಇಳಿಸಿದ ನೀರನ್ನು ಕ್ಯಾನಿನಲ್ಲಿ ವಾರಗಟ್ಟಲೆ ಇಟ್ಟಿದ್ದರೆ ಇನ್ನೂ ಜಾಸ್ತಿ. ನೀರನ್ನು ಐದು ನಿಮಿಷ ಕುದಿಸಿ, ಮುಚ್ಚಿ ಆರಿಸಿ ಬಳಸಿ. ಎಷ್ಟು ವ್ಯತ್ಯಾಸ ಬರುತ್ತಿದೆ ಎಂದು ನಿಮಗೇ ತಿಳಿಯಬೇಕಾದರೆ ಬರೀ ನೀರಿಗೆ ಎರಡು ಹನಿ ಫಿನಾಲ್ಫ್ತಲೀನ್ ಹಾಕಿ NaOH ಬಿಡಿ. ಒಂದು ಹನಿಗೆ ಗುಲಾಬಿ ಬಂದರೆ ನೀರು ಚೆನ್ನಾಗಿದೆ. ಐದಾರು ಹನಿ ಬೇಕಾದರೆ ಆ ನೀರು ಬೇಡ. ಸೂಚಕವನ್ನೂ ಎರಡು ಹನಿಗಿಂತ ಹೆಚ್ಚು ಹಾಕಬೇಡಿ. ಫಿನಾಲ್ಫ್ತಲೀನ್ ತಾನೇ ಒಂದು ದುರ್ಬಲ ಆಮ್ಲ, ಅದೂ ತನ್ನ ಪಾಲಿನ NaOH ಕೇಳುತ್ತದೆ.

ಶುರುವಿನಲ್ಲಿ ಬಾಕಿ ಇದೆ ಎಂದ ಕೆಲಸ ಇದು. ನೀವು NaOH ತೂಗಿ 0.1 ಮೋಲಾರ್ ಮಾಡಿದ್ದೀರಿ. ಆ 0.1ನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. NaOH ಬಿಲ್ಲೆಗಳನ್ನು ತಕ್ಕಡಿಗೆ ಹಾಕಿ ನೋಡುತ್ತಿದ್ದಂತೆಯೇ ಒದ್ದೆಯಾಗುತ್ತವೆ, ತೂಕ ಏರುತ್ತಾ ಹೋಗುತ್ತದೆ. ನೀವು ತೂಗುವ 4 ಗ್ರಾಂನಲ್ಲಿ ನೀರೂ ಇದೆ, ಗಾಳಿಯಿಂದ ಆದ ಕಾರ್ಬನೇಟೂ ಇದೆ. ಮಾಡಿಟ್ಟ ದ್ರಾವಣವೂ ದಿನ ಕಳೆದಂತೆ ಬಲ ಕಳೆದುಕೊಳ್ಳುತ್ತದೆ.

ಇದರ ಪೆಟ್ಟು ಯಾವ ದಿಕ್ಕಿಗೆ ಬೀಳುತ್ತದೆ ಎಂದು ನಾನು ಕಲಿತದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ. ಒಂದು ಸಣ್ಣ ಆಹಾರ ಪರೀಕ್ಷೆಯ ಲ್ಯಾಬ್‌ನಲ್ಲಿ ಉಪ್ಪಿನಕಾಯಿ ನೀರಿನ ಹುಳಿ ಅಳೆಯುತ್ತಿದ್ದೆ. ಒಂದೇ ಮಾದರಿ, ಮೊಹರು ಹಾಕಿ ಇಟ್ಟದ್ದು. ವಾರ ವಾರಕ್ಕೂ ಹುಳಿ ಏರುತ್ತಾ ಬಂತು. ಮಾದರಿ ಕೆಡುತ್ತಿದೆ ಎಂದು ಬರೆದುಕೊಂಡೆ. ಆಮೇಲೆ ಹಿರಿಯರೊಬ್ಬರು NaOH ಬಾಟಲಿಯ ಬಿರಡೆ ಸಡಿಲವಾಗಿರುವುದನ್ನು ತೋರಿಸಿದರು. NaOH ಬಲ ಕಳೆದುಕೊಂಡಷ್ಟೂ ಅದೇ ಆಮ್ಲಕ್ಕೆ ಹೆಚ್ಚು ಮಿಲಿ ಬೇಕಾಗುತ್ತದೆ, ನಾವು ಹಳೆಯ ಬಲವನ್ನೇ ಲೆಕ್ಕಕ್ಕೆ ಹಾಕಿದರೆ ಆಮ್ಲ ಜಾಸ್ತಿ ಇರುವಂತೆ ಕಾಣುತ್ತದೆ. ಒಂದು ತಿಂಗಳ ವರದಿಗಳನ್ನು ವಾಪಸ್ ತೆಗೆದುಕೊಂಡು ಮತ್ತೆ ಮಾಡಬೇಕಾಯಿತು. ಅಂದಿನಿಂದ, ಟೈಟ್ರೇಶನ್ ಮಾಡುವ ದಿನವೇ NaOHನ ಬಲವನ್ನೂ ಅಳೆಯದೆ ನಾನು ಯಾವ ಸಂಖ್ಯೆಗೂ ಸಹಿ ಹಾಕಿಲ್ಲ.

ಅಳೆಯುವುದು ಕಷ್ಟವೇನಲ್ಲ. ಎರಡು ಅಣು ನೀರಿರುವ ಹರಳು ಆಕ್ಸಾಲಿಕ್ ಆಮ್ಲ ಯಾವ ಕಾಲೇಜಿನಲ್ಲೂ ಇರುತ್ತದೆ. ಅದು ಗಾಳಿಯಲ್ಲಿ ಒದ್ದೆಯಾಗುವುದಿಲ್ಲ, ತೂಕವನ್ನು ನಂಬಬಹುದು. ಅಣುತೂಕ 126.07. 1.576 ಗ್ರಾಂ ತೂಗಿ 250 ಮಿಲಿ ವಾಲ್ಯೂಮೆಟ್ರಿಕ್ ಫ್ಲಾಸ್ಕ್‌ನಲ್ಲಿ ಗುರುತಿನವರೆಗೆ ನೀರು ತುಂಬಿದರೆ 0.05 ಮೋಲಾರ್. ಅದರ ಒಂದು ಅಣು ಎರಡು NaOH ಬೇಡುತ್ತದೆ. 25 ಮಿಲಿ ತೆಗೆದುಕೊಂಡು, ಫಿನಾಲ್ಫ್ತಲೀನ್ ಹಾಕಿ, ನಿಮ್ಮ NaOH ಬಿಡಿ. NaOH ನಿಜವಾಗಿ 0.1 ಇದ್ದರೆ 25.0 ಮಿಲಿ ಬೇಕು.

ಇಲ್ಲೂ ಸೂಚಕದ ವಿಷಯ ಇದೆ. NaOHನಲ್ಲಿ ಸೇರಿರುವ ಕಾರ್ಬನೇಟ್ ಮೀಥೈಲ್ ಆರೆಂಜ್ ಎದುರು ಪೂರ್ತಿ ಲೆಕ್ಕಕ್ಕೆ ಬರುತ್ತದೆ, ಫಿನಾಲ್ಫ್ತಲೀನ್ ಎದುರು ಅರ್ಧ ಮಾತ್ರ, ಏಕೆಂದರೆ 8.2ರ ಹತ್ತಿರ ಅದು ಬೈಕಾರ್ಬನೇಟ್ ಆಗಿ ಅಲ್ಲೇ ನಿಂತುಬಿಡುತ್ತದೆ. ಒಂದು ಕಡೆ ಮೀಥೈಲ್ ಆರೆಂಜ್‌ನಿಂದ NaOHನ ಬಲ ಕಂಡುಹಿಡಿದು, ಇನ್ನೊಂದು ಕಡೆ ಫಿನಾಲ್ಫ್ತಲೀನ್‌ನಿಂದ ವಿನೆಗರ್ ಅಳೆದರೆ ಎರಡು ಬೇರೆ ತಕ್ಕಡಿಯಲ್ಲಿ ತೂಗಿದ ಹಾಗೆ. ಎರಡಕ್ಕೂ ಒಂದೇ ಸೂಚಕ ಬಳಸಿದರೆ ಈ ತಪ್ಪು ಬಹುಮಟ್ಟಿಗೆ ಹೊಡೆದುಹೋಗುತ್ತದೆ.

ನಿಮಗೆ 25.0 ಬದಲು 25.4 ಮಿಲಿ ಬಂತು ಎಂದುಕೊಳ್ಳಿ. ತೂಗಿ ಮಾಡಿದ ದ್ರಾವಣಕ್ಕೆ ಇದು ಸಾಮಾನ್ಯ. ಆಗ ಲೆಕ್ಕ ಹೀಗೆ ಹೋಗುತ್ತದೆ:

NaOHನ ಬಲ = 2 × 0.05 × 25 ÷ 25.4 = 0.0984 ಮೋಲಾರ್

ತೆಳು ವಿನೆಗರ್ = 0.0984 × 16.7 ÷ 25 = 0.0657 ಮೋಲಾರ್

ಮೂಲ ವಿನೆಗರ್ = 0.0657 × 10 = 0.657 ಮೋಲಾರ್

ಲೀಟರಿಗೆ ಗ್ರಾಂ = 0.657 × 60.05 = 39.5, ಅಂದರೆ 100 ಮಿಲಿಗೆ 3.95 ಗ್ರಾಂ

NaOHನ ಬಲವನ್ನು 0.1 ಎಂದೇ ಹಾಕಿದ್ದರೆ 4.01 ಬರುತ್ತಿತ್ತು. ಬಾಟಲಿಯ 4%ಗೆ ಅದು ಇನ್ನೂ ಹತ್ತಿರ ಅಲ್ವಾ? ಇಲ್ಲಿ ಹುಷಾರಾಗಿರಬೇಕು. ಲೇಬಲ್‌ಗೆ ಹತ್ತಿರ ಬಂತು ಎಂಬ ಕಾರಣಕ್ಕೆ ಸಂಖ್ಯೆಯನ್ನು ಒಪ್ಪಿಕೊಳ್ಳುವ ಹಾಗಿಲ್ಲ. ನಿಮ್ಮ ಕೆಲಸ ಲೇಬಲ್ ಸರಿಯಿದೆಯೇ ಎಂದು ಪರೀಕ್ಷಿಸುವುದು.

3.95 ಬಂದರೆ ಲೇಬಲ್ ಸುಳ್ಳು ಎಂದೂ ಹೇಳಲಾಗದು. ನಿಮ್ಮ ಅಳತೆಯಲ್ಲಿ ಎಷ್ಟು ಸಡಿಲ ಇದೆ ನೋಡಿ. ಬ್ಯೂರೆಟ್‌ನಲ್ಲಿ ಒಂದು ಹನಿ ಆಚೀಚೆ ಆದರೆ 3.95 ಎಂಬುದು 3.94 ಅಥವಾ 3.96 ಆಗುತ್ತದೆ, ಅಷ್ಟೇ. ಆದರೆ ಮೊದಲ ಹೆಜ್ಜೆಯಲ್ಲಿ 10 ಮಿಲಿ ವಿನೆಗರನ್ನು ಪಿಪೆಟ್ ಬದಲು ಅಳತೆ ಸಿಲಿಂಡರ್‌ನಲ್ಲಿ ತೆಗೆದಿದ್ದರೆ, ಅಲ್ಲಿ 0.2 ಮಿಲಿ ತಪ್ಪುವುದು ಸುಲಭ. ಅದು ಶೇಕಡಾ 2. ಆಗ ನಿಮ್ಮ ಉತ್ತರ 3.87ರಿಂದ 4.03ರ ನಡುವೆ ಎಲ್ಲಾದರೂ ಇರಬಹುದು. ಎಲ್ಲರೂ ಕೊನೆಯ ಹನಿಯ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಉತ್ತರ ಹೆಚ್ಚು ಸಲ ಕೆಡುವುದು ಈ ಮೊದಲ 10 ಮಿಲಿಯಲ್ಲಿ. ನೀವು ಯಾವುದರಲ್ಲಿ ಅಳೆದಿರಿ ಎಂದು ಬರೆದಿಲ್ಲ. ಸಿಲಿಂಡರ್ ಆಗಿದ್ದರೆ ಪಿಪೆಟ್ ಮತ್ತು 100 ಮಿಲಿ ವಾಲ್ಯೂಮೆಟ್ರಿಕ್ ಫ್ಲಾಸ್ಕ್ ತೆಗೆದುಕೊಂಡು ಮತ್ತೆ ಮಾಡಿ. ಪಿಪೆಟ್‌ಗೆ ರಬ್ಬರ್ ಬಲ್ಬ್ ಹಾಕಿ, ಬಾಯಲ್ಲಿ ಎಳೆಯಬೇಡಿ. NaOH ಕೈಯಾಡಿಸುವಾಗ ಕನ್ನಡಕವೂ ಇರಲಿ, ಅದು ಕಣ್ಣಿಗೆ ಆಮ್ಲಕ್ಕಿಂತ ಕೆಟ್ಟದ್ದು.

ಮತ್ತೆ ಮಾಡುವಾಗ ತೊಳೆಯುವ ಕ್ರಮ ನೆನಪಿರಲಿ. ಬ್ಯೂರೆಟನ್ನು ಕೊನೆಯಲ್ಲಿ NaOHನಿಂದಲೇ ಎರಡು ಸಲ ತೊಳೆಯಬೇಕು. 25 ಮಿಲಿ ಪಿಪೆಟನ್ನು ತೆಳು ವಿನೆಗರ್‌ನಿಂದ. ಒಳಗೆ ನೀರು ಉಳಿದಿದ್ದರೆ ತುಂಬಿದ ದ್ರಾವಣ ಇನ್ನೂ ತೆಳುವಾಗುತ್ತದೆ. ಕೋನಿಕಲ್ ಫ್ಲಾಸ್ಕನ್ನು ಮಾತ್ರ ಬರೀ ನೀರಿನಿಂದ ತೊಳೆಯಿರಿ, ಒಣಗಿಸಬೇಕಿಲ್ಲ. ಅದನ್ನು ವಿನೆಗರ್‌ನಿಂದ ತೊಳೆದರೆ ಗೋಡೆಗೆ ಅಂಟಿದ ಆಮ್ಲವೂ ಲೆಕ್ಕಕ್ಕೆ ಸೇರಿ ಉತ್ತರ ಏರುತ್ತದೆ. ಟೈಟ್ರೇಶನ್ ನಡುವೆ ಫ್ಲಾಸ್ಕ್‌ನ ಗೋಡೆಗೆ ಸಿಡಿದ ಹನಿಗಳನ್ನು ನೀರಿನಿಂದ ಕೆಳಗಿಳಿಸಬಹುದು. ನೀರು ಸೇರಿದರೆ ಆಮ್ಲದ ಮೋಲ್‌ಗಳು ಕಡಿಮೆಯಾಗುವುದಿಲ್ಲ. ಬ್ಯೂರೆಟ್‌ನ ತುದಿಯಲ್ಲಿ ಗಾಳಿಗುಳ್ಳೆ ಇದ್ದರೆ ಶುರುವಿಗೆ ಮುಂಚೆ ಓಡಿಸಿ, ಅದು ನಡುವೆ ಹೊರಬಿದ್ದರೆ ಅಷ್ಟು ಮಿಲಿ ಸುಳ್ಳು ಓದುತ್ತೀರಿ.

ಮೊದಲ ಸಲ ಬೇಗ ಬೇಗ ಬಿಟ್ಟು ಅಂದಾಜು ತಿಳಿದುಕೊಳ್ಳಿ. ಎರಡನೆಯ ಸಲದಿಂದ 15.5 ಮಿಲಿ ತನಕ ಧಾರಾಳವಾಗಿ, ಅಲ್ಲಿಂದ ಹನಿ ಹನಿಯಾಗಿ. ಮೂರು ಓದುಗಳು 0.1 ಮಿಲಿ ಒಳಗೆ ಹೊಂದಬೇಕು. ಹೊಂದದಿದ್ದರೆ ಸರಾಸರಿ ತೆಗೆದು ಮುಚ್ಚಬೇಡಿ, ಇನ್ನೊಂದು ಸಲ ಮಾಡಿ.

ಫಿನಾಲ್ಫ್ತಲೀನ್ ಬಿಟ್ಟು ಬೇರೆ ದಾರಿ ಇಲ್ಲವೇ ಎಂದರೆ ಇದೆ. ಥೈಮಾಲ್ ಬ್ಲೂ 8.0ರಿಂದ 9.6ರೊಳಗೆ ಹಳದಿಯಿಂದ ನೀಲಿಗೆ ತಿರುಗುತ್ತದೆ, ವಿನೆಗರ್‌ಗೆ ಹೊಂದುತ್ತದೆ. ಬಣ್ಣವಿಲ್ಲದ್ದು ಗುಲಾಬಿ ಆಗುವಷ್ಟು ಸ್ಪಷ್ಟವಾಗಿ ಕಣ್ಣಿಗೆ ಹೊಳೆಯುವುದಿಲ್ಲ ಅಷ್ಟೇ. ಮನೆಯ ಅರಿಶಿನ ಕೂಡ ಏಳೂವರೆಯ ಮೇಲೆ ಕೆಂಪಾಗುವುದರಿಂದ ತಾತ್ವಿಕವಾಗಿ ಜಿಗಿತದೊಳಗೇ ಬೀಳುತ್ತದೆ. ಆದರೆ ಹಳದಿಯಿಂದ ಕಂದುಗೆಂಪಿಗೆ ಹೋಗುವ ಆ ತಿರುವು ಮಬ್ಬು, ಎರಡು ಮೂರು ಹನಿ ಸುಲಭವಾಗಿ ತಪ್ಪುತ್ತದೆ. ತೋರಿಸಲು ಚೆನ್ನ, ಅಳೆಯಲು ಬೇಡ. ಮುಂದೆ ಕಂದು ಬಣ್ಣದ ವಿನೆಗರ್ ಅಳೆಯಬೇಕಾದರೆ ಗುಲಾಬಿ ಅದರಲ್ಲಿ ಮುಳುಗಿಹೋಗುತ್ತದೆ. ಆಗ ಪಿಎಚ್ ಮೀಟರ್ ಇಟ್ಟು ಪ್ರತಿ 0.1 ಮಿಲಿಗೂ ಪಿಎಚ್ ಬರೆದುಕೊಂಡು, ಎಲ್ಲಿ ಅತಿ ಹೆಚ್ಚು ಜಿಗಿಯಿತೋ ಅದನ್ನೇ ಮುಗಿದ ಬಿಂದು ಎಂದು ತೆಗೆದುಕೊಳ್ಳಿ.

ರೆಕಾರ್ಡ್‌ನಲ್ಲಿ ಫಿನಾಲ್ಫ್ತಲೀನ್‌ನ ಓದುಗಳನ್ನು, ಆಕ್ಸಾಲಿಕ್ ಆಮ್ಲದಿಂದ ಕಂಡ NaOHನ ಬಲವನ್ನು ಬರೆಯಿರಿ. ಉತ್ತರವನ್ನು "ಅಸಿಟಿಕ್ ಆಮ್ಲ ಎಂದು ಲೆಕ್ಕ ಹಾಕಿದ ಒಟ್ಟು ಆಮ್ಲ" ಎಂದು ಬರೆಯಿರಿ, ಏಕೆಂದರೆ ಬೇರೆ ಆಮ್ಲ ಬೆರೆತಿದ್ದರೂ NaOH ಅದನ್ನು ಬೇರ್ಪಡಿಸಿ ಹೇಳುವುದಿಲ್ಲ.

ಮೀಥೈಲ್ ಆರೆಂಜ್‌ನ ಆ 5 ಮಿಲಿಯನ್ನೂ ಹೊಡೆದುಹಾಕಬೇಡಿ. ಪಿಎಚ್ 4.4ರ ಹತ್ತಿರ ಹಳದಿಯಾಯಿತು ಎಂದು ನಿಮಗೆ ಗೊತ್ತು. ಆಗ 16.7ರಲ್ಲಿ ಸುಮಾರು 5 ಪಾಲು ಅಸಿಟೇಟ್ ಆಗಿತ್ತು, 11.7 ಪಾಲು ಆಮ್ಲವಾಗಿಯೇ ಉಳಿದಿತ್ತು. 5 ÷ 11.7ರ ಲಾಗರಿದಮ್ −0.37. 4.4ರಿಂದ ಅದನ್ನು ಕಳೆಯಿರಿ, 4.77 ಬರುತ್ತದೆ. ಅಸಿಟಿಕ್ ಆಮ್ಲದ ಪಿಕೆಎ, ಅಂದರೆ ಅರ್ಧ ಆಮ್ಲ ಮುಗಿದಾಗ ಇರುವ ಪಿಎಚ್, 4.76. ಕಣ್ಣಳತೆಯ ಹಳದಿಯಿಂದ ಇಷ್ಟು ಹತ್ತಿರ ಪ್ರತಿ ಸಲ ಬರುವುದಿಲ್ಲ, 4.6 ಅಥವಾ 4.9 ಕೂಡ ಬರಬಹುದು. ಆದರೂ ಇನ್ನೊಂದು ಸಲ ಮೀಥೈಲ್ ಆರೆಂಜ್ ಹಾಕಿ, ಹಳದಿ ಪೂರ್ತಿಯಾದ ಮಿಲಿಯನ್ನು ಜಾಗ್ರತೆಯಿಂದ ಓದಿ, ಈ ಲೆಕ್ಕವನ್ನು ಪ್ರಾಜೆಕ್ಟ್‌ನ ಕೊನೆಯ ಪುಟದಲ್ಲಿ ಸೇರಿಸಿ.